ಪೆಟ್ಟಿಗೆಯ ಅಳತೆ, ರೋಲಿನ ದಿಕ್ಕು: ಉಡುಗೊರೆ ಕಾಗದವನ್ನು ಎಷ್ಟು ಕತ್ತರಿಸಬೇಕು?

ಉದ್ದ 30 ಸೆಂ.ಮೀ., ಅಗಲ 22 ಸೆಂ.ಮೀ., ಎತ್ತರ 8 ಸೆಂ.ಮೀ. ಇರುವ ಒಂದು ರಟ್ಟಿನ ಪೆಟ್ಟಿಗೆ ನಮ್ಮ ಮುಂದಿದೆ ಎಂದುಕೊಳ್ಳೋಣ. ಪಕ್ಕದಲ್ಲಿ 70 ಸೆಂ.ಮೀ. ಅಗಲದ ಉಡುಗೊರೆ ಕಾಗದದ ರೋಲ್ ಇದೆ. ರೋಲಿನಿಂದ ಎಷ್ಟು ಉದ್ದದ ಕಾಗದವನ್ನು ಬಿಚ್ಚಿ ಕತ್ತರಿಸಬೇಕು, ಪೆಟ್ಟಿಗೆಯನ್ನು ಅದರ ಮೇಲೆ ಯಾವ ದಿಕ್ಕಿಗೆ ಇಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಕತ್ತರಿ ಕೈಗೆತ್ತಿಕೊಳ್ಳುವ ಮೊದಲೇ ಉತ್ತರ ಕಂಡುಕೊಳ್ಳುವುದು ಈ ಉಪನ್ಯಾಸದ ವಿಷಯ. ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಒಂದಕ್ಕೆ ಉತ್ತರಿಸದೆ ಇನ್ನೊಂದಕ್ಕೆ ಉತ್ತರಿಸಲಾಗದು ಎಂಬುದನ್ನು ಲೆಕ್ಕವೇ ತೋರಿಸುತ್ತದೆ. ದುಂಡಗಿನ ಡಬ್ಬಿ, ಆರು ಮೂಲೆಯ ಪೆಟ್ಟಿಗೆ ಮುಂತಾದವನ್ನು ಬದಿಗಿಟ್ಟು, ಎಲ್ಲ ಮೂಲೆಗಳೂ ಲಂಬವಾಗಿರುವ ಸಾಮಾನ್ಯ ಪೆಟ್ಟಿಗೆಯನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ.

ಲೆಕ್ಕ ಬಲ್ಲ ಯಾರಿಗಾದರೂ ಮೊದಲು ಹೊಳೆಯುವುದು ಪೆಟ್ಟಿಗೆಯ ಮೇಲ್ಮೈ ವಿಸ್ತೀರ್ಣ. ಆರು ಮುಖಗಳನ್ನು ಕೂಡಿಸಿದರೆ ನಮ್ಮ ಪೆಟ್ಟಿಗೆಗೆ 2152 ಚದರ ಸೆಂ.ಮೀ. ಬರುತ್ತದೆ. ಇದು ಸರಿಯಾದ ಸಂಖ್ಯೆಯೇ ಹೌದಾದರೂ ಇದರಿಂದ ಕಾಗದವನ್ನು ಕತ್ತರಿಸಲು ಆಗುವುದಿಲ್ಲ. ನಾವು ಆರು ತುಂಡುಗಳನ್ನು ಕತ್ತರಿಸಿ ಅಂಟಿಸುತ್ತಿಲ್ಲ, ಒಂದೇ ಆಯತಾಕಾರದ ಹಾಳೆಯನ್ನು ಮಡಚುತ್ತಿದ್ದೇವೆ. ಮಡಚಿದಲ್ಲೆಲ್ಲ ಕಾಗದ ಎರಡು ಪದರವಾಗುತ್ತದೆ, ಜೋಡಣೆ ಇರುವಲ್ಲಿ ಒಂದು ಅಂಚು ಇನ್ನೊಂದರ ಮೇಲೆ ಏರಬೇಕಾಗುತ್ತದೆ, ಮತ್ತು ಆ ಹಾಳೆ ನಿಗದಿತ ಅಗಲದ ರೋಲಿನೊಳಗೆ ಹಿಡಿಯಬೇಕು. ಆದ್ದರಿಂದ ವಿಸ್ತೀರ್ಣವನ್ನು ಹುಡುಕದೆ ಹಾಳೆಯ ಎರಡು ಬದಿಗಳನ್ನು ಒಂದೊಂದಾಗಿ ಹುಡುಕಬೇಕು.

ಮೊದಲನೆಯದು ಸುತ್ತುವ ಬದಿ. ಪೆಟ್ಟಿಗೆಯನ್ನು ಕಾಗದದ ನಡುವೆ ಬೋರಲು ಹಾಕಿ, ಎರಡೂ ಕಡೆಯಿಂದ ಕಾಗದವನ್ನು ಮೇಲೆತ್ತಿ ಅಂಟಿಸಿದಾಗ ಪೆಟ್ಟಿಗೆಯ ಸುತ್ತ ಎರಡೂ ತುದಿ ತೆರೆದ ಒಂದು ಕೊಳವೆ ಆಗುತ್ತದೆ. ಈ ಕೊಳವೆ 30 ಸೆಂ.ಮೀ. ಉದ್ದದ ಗುಂಟ ಚಾಚಿದ್ದರೆ, ಕಾಗದ ಸುತ್ತಿ ಬರಬೇಕಾದ ದಾರಿ ಅಗಲ, ಎತ್ತರ, ಮತ್ತೆ ಅಗಲ, ಮತ್ತೆ ಎತ್ತರ. ಅಂದರೆ ಸುತ್ತಳತೆ 2 × (22 + 8) = 60 ಸೆಂ.ಮೀ. ಇದರ ಮೇಲೆ ಓವರ್‌ಲ್ಯಾಪ್‌ಗಾಗಿ ನಾನು 3 ಸೆಂ.ಮೀ. ಸೇರಿಸುತ್ತೇನೆ. ಇದರಲ್ಲಿ 1 ಸೆಂ.ಮೀ. ಮೇಲಿನ ಅಂಚನ್ನು ಒಳಕ್ಕೆ ಮಡಚಿ ನೇರ ಗೆರೆ ತರುವುದಕ್ಕೆ, ಉಳಿದ 2 ಸೆಂ.ಮೀ. ಕೆಳಗಿನ ಅಂಚನ್ನು ಹತ್ತಿ ಕೂರುವುದಕ್ಕೆ. ಕತ್ತರಿಯಿಂದ ಕತ್ತರಿಸಿದ ಅಂಚು ಎಷ್ಟೇ ಜಾಗರೂಕತೆ ವಹಿಸಿದರೂ ಸ್ವಲ್ಪ ಓರೆಯಾಗಿರುತ್ತದೆ. ಒಳಮಡಿಕೆ ಆ ಓರೆಯನ್ನು ಮರೆಮಾಡುತ್ತದೆ. ಹೀಗೆ ಸುತ್ತುವ ಬದಿ 63 ಸೆಂ.ಮೀ. ಆಯಿತು.

ಎರಡನೆಯದು ತುದಿಗಳ ಬದಿ. ಹೆಚ್ಚಿನವರ ಅಂದಾಜು ತಪ್ಪುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೊಳವೆಯ ತುದಿಯಲ್ಲಿ ನಮಗೆ ಎದುರಾಗಿರುವುದು 22 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಮುಖ. ಕಾಗದ ಪೆಟ್ಟಿಗೆಯ ಅಂಚನ್ನು ದಾಟಿ ಹೊರಗೆ ಚಾಚಿಕೊಂಡಿದೆ. ಮೊದಲು ಎಡ ಮತ್ತು ಬಲದ ಗಿಡ್ಡ ಬದಿಗಳನ್ನು ಒಳಕ್ಕೆ ಒತ್ತುತ್ತೇವೆ. ಆಗ ಮೂಲೆಯಿಂದ 45 ಡಿಗ್ರಿ ಓರೆಯಲ್ಲಿ ಮಡಿಕೆ ಗೆರೆಗಳು ತಾವಾಗಿಯೇ ಬೀಳುತ್ತವೆ, ಮೇಲೊಂದು ಕೆಳಗೊಂದು ತ್ರಾಪಿಜ್ಯಾಕಾರದ ನಾಲಗೆ ಉಳಿಯುತ್ತದೆ. ಮೇಲಿನ ನಾಲಗೆಯನ್ನು ಕೆಳಕ್ಕೆ ಒರಗಿಸಿ, ಕೆಳಗಿನದನ್ನು ಮೇಲಕ್ಕೆತ್ತಿ ಅಂಟಿಸಿದರೆ ತುದಿ ಮುಚ್ಚಿಹೋಗುತ್ತದೆ.

ಈ ನಾಲಗೆಗಳು ಎಷ್ಟು ಉದ್ದವಿರಬೇಕು? ಮೇಲಿನದು ಮೇಲಿಂದ ಇಳಿಯುತ್ತದೆ, ಕೆಳಗಿನದು ಕೆಳಗಿಂದ ಏರುತ್ತದೆ, ಎರಡೂ ನಡುವೆ ಸಂಧಿಸಿದರೆ ಸಾಕು. ಹೀಗಾಗಿ ಪ್ರತಿಯೊಂದಕ್ಕೂ ಬೇಕಾದದ್ದು ಎತ್ತರದ ಅರ್ಧ, ಅಂದರೆ 4 ಸೆಂ.ಮೀ. ತ್ರಾಪಿಜ್ಯ ಇಳಿಯುತ್ತಾ ಕಿರಿದಾಗುವುದರಿಂದ ಎರಡು ಪಕ್ಕಗಳಲ್ಲಿ ಬಿಡುವು ಉಳಿಯಬಹುದೇ ಎಂಬ ಸಂಶಯ ಬರುವುದು ಸಹಜ. ಆದರೆ ಮೊದಲು ಒಳಕ್ಕೆ ಒತ್ತಿದ ಗಿಡ್ಡ ಬದಿಗಳು ಆ ಜಾಗವನ್ನು ಆಗಲೇ ಮುಚ್ಚಿರುತ್ತವೆ. ಎರಡು ನಾಲಗೆಗಳು ಒಂದರ ಮೇಲೊಂದು 3 ಸೆಂ.ಮೀ. ಏರಲಿ ಎಂದು ಒಂದೊಂದಕ್ಕೆ 1.5 ಸೆಂ.ಮೀ. ಸೇರಿಸಿದರೆ ಒಂದು ತುದಿಯಲ್ಲಿ ಕಾಗದ 5.5 ಸೆಂ.ಮೀ. ಹೊರಚಾಚಬೇಕು. ಎರಡು ತುದಿಗೆ 11 ಸೆಂ.ಮೀ. ಪೆಟ್ಟಿಗೆಯ ಉದ್ದ 30ಕ್ಕೆ ಇದನ್ನು ಕೂಡಿಸಿದರೆ ಹಾಳೆಯ ಎರಡನೆಯ ಬದಿ 41 ಸೆಂ.ಮೀ. ಆಗುತ್ತದೆ. ಸೂತ್ರವಾಗಿ ಬರೆದುಕೊಳ್ಳುವುದಾದರೆ ಹೀಗೆ:

```
ಸುತ್ತುವ ಬದಿ = 2 × (ಅಗಲ + ಎತ್ತರ) + ಓವರ್‌ಲ್ಯಾಪ್
ತುದಿಗಳ ಬದಿ = ಉದ್ದ + ಎತ್ತರ + ಓವರ್‌ಲ್ಯಾಪ್
```

ತುದಿಯಲ್ಲಿ ಎತ್ತರದ ಮುಕ್ಕಾಲು ಭಾಗ ಬಿಡಿ ಎಂಬ ಒಂದು ರೂಢಿಯ ಸಲಹೆಯೂ ಇದೆ. ನಮ್ಮ ಪೆಟ್ಟಿಗೆಗೆ ಅದು 6 ಸೆಂ.ಮೀ. ಕೊಡುತ್ತದೆ, ನಮ್ಮ 5.5ಕ್ಕೆ ಹತ್ತಿರವೇ. ಆದರೆ ಪೆಟ್ಟಿಗೆ 20 ಸೆಂ.ಮೀ. ಎತ್ತರವಿದ್ದರೆ ಅದೇ ಸಲಹೆ 15 ಸೆಂ.ಮೀ. ಬಿಡಲು ಹೇಳುತ್ತದೆ, ಆಗ ನಾಲಗೆಗಳು 10 ಸೆಂ.ಮೀ. ಒಂದರ ಮೇಲೊಂದು ಏರಿ ಕಾಗದ ಸುಮ್ಮನೆ ಹಾಳಾಗುತ್ತದೆ. ಓವರ್‌ಲ್ಯಾಪ್‌ನ ಅಗತ್ಯ ಹುಟ್ಟುವುದು ಟೇಪಿನ ಅಗಲದಿಂದ ಮತ್ತು ನಮ್ಮ ಕೈಯ ನಿಖರತೆಯಿಂದ; ಪೆಟ್ಟಿಗೆ ದೊಡ್ಡದಾದ ಮಾತ್ರಕ್ಕೆ ಅದು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ಎತ್ತರದ ಅರ್ಧಕ್ಕೆ ನಿಗದಿತ ಸೆಂಟಿಮೀಟರುಗಳನ್ನು ಕೂಡಿಸುವ ಕ್ರಮವೇ ನನಗೆ ಸರಿಯೆನಿಸುತ್ತದೆ. ಇದಕ್ಕೊಂದು ಮೇಲ್ಮಿತಿಯೂ ಇದೆ. ನಾಲಗೆ ಪೆಟ್ಟಿಗೆಯ ಎತ್ತರಕ್ಕಿಂತ ಉದ್ದವಾದರೆ ಅದು ತುದಿಯ ಮುಖವನ್ನು ದಾಟಿ ಎದುರಿನ ಅಂಚಿನಿಂದ ಹೊರಗೆ ಇಣುಕುತ್ತದೆ. 2 ಸೆಂ.ಮೀ. ದಪ್ಪದ ಪುಸ್ತಕಕ್ಕೆ ನಮ್ಮ ಲೆಕ್ಕ 2.5 ಸೆಂ.ಮೀ. ಕೊಡುತ್ತದೆ, ಅಲ್ಲಿ ಅದನ್ನು 2ಕ್ಕಿಂತ ತುಸು ಕಡಿಮೆಗೆ ಇಳಿಸಲೇಬೇಕು.

ಹಾಳೆಯ ಅಳತೆ ಸರಿಯಿದ್ದೂ ಒಂದು ತುದಿಯಲ್ಲಿ ಬಿರುಕು ಕಾಣಿಸಿಕೊಂಡರೆ ಪೆಟ್ಟಿಗೆ ನಡುವಿನಲ್ಲಿ ಇಲ್ಲ ಎಂದೇ ಅರ್ಥ. ಪೆಟ್ಟಿಗೆ ಒಂದು ಕಡೆಗೆ 1 ಸೆಂ.ಮೀ. ಸರಿದರೆ ಆ ತುದಿಯ ಮೇಲಿನ ನಾಲಗೆಯೂ ಕೆಳಗಿನ ನಾಲಗೆಯೂ ತಲಾ 1 ಸೆಂ.ಮೀ. ಗಿಡ್ಡವಾಗುತ್ತವೆ, ಓವರ್‌ಲ್ಯಾಪ್ 3ರಿಂದ ಒಂದೇ ಏಟಿಗೆ 1ಕ್ಕೆ ಇಳಿಯುತ್ತದೆ. 1.5 ಸೆಂ.ಮೀ. ಸರಿದರೆ ಅದು ಸೊನ್ನೆ. ತುದಿಯಲ್ಲಿ ಸರಿತದ ಪರಿಣಾಮ ಹೀಗೆ ಇಮ್ಮಡಿಯಾಗುವುದರಿಂದ, ಕೊಳವೆಯನ್ನು ಅಂಟಿಸುವ ಮುನ್ನ ಎರಡೂ ತುದಿಗಳಲ್ಲಿ ಚಾಚಿರುವ ಕಾಗದವನ್ನು ಅಳತೆಪಟ್ಟಿಯಿಂದ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ದಿಕ್ಕಿನ ವಿಚಾರ. ಇಲ್ಲಿಯವರೆಗೆ ಕೊಳವೆಯನ್ನು ಪೆಟ್ಟಿಗೆಯ ಉದ್ದದ ಗುಂಟ ಮಾಡಿದೆವು. ಅದನ್ನು ಅಗಲದ ಗುಂಟವೂ ಮಾಡಬಹುದು. ಆಗ ಸುತ್ತುವ ಬದಿ 2 × (30 + 8) + 3 = 79 ಸೆಂ.ಮೀ., ತುದಿಗಳ ಬದಿ 22 + 8 + 3 = 33 ಸೆಂ.ಮೀ. ಒಂದು ಹಾಳೆ 63 × 41, ಇನ್ನೊಂದು 79 × 33. ನೋಡಲು ಎರಡೂ ತೀರ ಬೇರೆ ಆಕಾರದವು, ಆದರೆ ವಿಸ್ತೀರ್ಣ ನೋಡಿ: ಮೊದಲನೆಯದು 2583, ಎರಡನೆಯದು 2607 ಚದರ ಸೆಂ.ಮೀ. ಇದು ಕಾಕತಾಳೀಯವಲ್ಲ. ಓವರ್‌ಲ್ಯಾಪ್‌ಗಳನ್ನು ತೆಗೆದಿಟ್ಟರೆ ಎರಡೂ ಹಾಳೆಗಳ ವಿಸ್ತೀರ್ಣ 2 × (ಉದ್ದ + ಎತ್ತರ) × (ಅಗಲ + ಎತ್ತರ) ಎಂದೇ ಬರುತ್ತದೆ, ಇಲ್ಲಿ ಅದು 2280. ಪೆಟ್ಟಿಗೆಯ ಮೇಲ್ಮೈಗಿಂತ ಇದು ಹೆಚ್ಚಿರುವುದು 128, ಅಂದರೆ ಎತ್ತರದ ವರ್ಗದ ಎರಡರಷ್ಟು. ಮಡಚುವುದಕ್ಕಾಗಿ ನಾವು ತೆರುವ ಕಾಗದ ಅಷ್ಟೇ, ಮತ್ತು ಅದು ಎತ್ತರವನ್ನು ಮಾತ್ರ ಅವಲಂಬಿಸಿದೆ ಎಂಬುದು ಈ ಲೆಕ್ಕದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ತೆಳ್ಳಗಿನ ಪೆಟ್ಟಿಗೆಯಲ್ಲಿ ಆ ಹೆಚ್ಚುವರಿ ಕಾಗದ ಗಣನೆಗೇ ಬಾರದಷ್ಟು ಕಡಿಮೆ. ಪೆಟ್ಟಿಗೆ ಘನಾಕೃತಿಗೆ ಹತ್ತಿರವಾದಂತೆ ಅದು ಬೆಳೆಯುತ್ತದೆ.

ಮೂರನೆಯ ಸಾಧ್ಯತೆಯೂ ಇದೆ: ಪೆಟ್ಟಿಗೆಯ ನಾಲ್ಕು ಪಕ್ಕಗಳನ್ನು ಸುತ್ತಿ, ತುದಿಗಳ ಮಡಿಕೆಗಳು ದೊಡ್ಡ ಮುಖಗಳ ಮೇಲೆ ಬರುವಂತೆ ಮಾಡುವುದು. ಅದಕ್ಕೆ ಹಾಳೆ 107 × 33 ಬೇಕಾಗುತ್ತದೆ, ಮಡಿಕೆಗಳೆಲ್ಲ ಎದ್ದು ಕಾಣುವ ಮುಖದ ಮೇಲೆ ರಾಶಿ ಬೀಳುತ್ತವೆ. ಇದನ್ನು ಇಲ್ಲಿಗೇ ಬಿಡೋಣ.

ಉಳಿದ ಎರಡು ಕ್ರಮಗಳು ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಸಮವಾಗಿದ್ದರೆ ದಿಕ್ಕಿನ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ನಾವು ಕಾಗದವನ್ನು ವಿಸ್ತೀರ್ಣದ ಲೆಕ್ಕದಲ್ಲಿ ಕತ್ತರಿಸುವುದಿಲ್ಲ ಎಂಬುದೇ ಇದಕ್ಕೆ ಕಾರಣ. ರೋಲಿನ ಅಡ್ಡಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸುತ್ತೇವೆ. ಹಾಳೆಗೆ ರೋಲಿನ ಪೂರ್ತಿ ಅಗಲ ಬೇಡವಾದರೂ ಅಷ್ಟೂ ಕಾಗದ ಬಂದೇ ಬರುತ್ತದೆ. ಖರ್ಚಾಗುವುದು ಕತ್ತರಿಸಿದ ಉದ್ದ, ಪಕ್ಕದಲ್ಲಿ ಉಳಿಯುವುದು ಒಂದು ಪಟ್ಟಿ. ಹೀಗೆ ನೋಡಿದಾಗ ಎರಡು ಹಾಳೆಗಳಿಗೆ ಎರಡೆರಡು ದಿಕ್ಕುಗಳಂತೆ ಒಟ್ಟು ನಾಲ್ಕು ಆಯ್ಕೆಗಳು ನಮ್ಮ ಮುಂದಿವೆ.

63 × 41 ಹಾಳೆಯ 63ನ್ನು ರೋಲಿನ ಅಡ್ಡಕ್ಕೆ ಇಟ್ಟರೆ ಅದು 70ರೊಳಗೆ ಹಿಡಿಯುತ್ತದೆ, ಕತ್ತರಿಸಬೇಕಾದದ್ದು 41 ಸೆಂ.ಮೀ., ಪಕ್ಕದಲ್ಲಿ 7 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅದೇ ಹಾಳೆಯನ್ನು ತಿರುಗಿಸಿ 41ನ್ನು ಅಡ್ಡಕ್ಕೆ ಇಟ್ಟರೆ 63 ಸೆಂ.ಮೀ. ಕತ್ತರಿಸಬೇಕು, ಪಕ್ಕದ ಪಟ್ಟಿ 29 ಸೆಂ.ಮೀ. ಅಗಲದ್ದು. 79 × 33 ಹಾಳೆಯಲ್ಲಿ 79 ಅಡ್ಡಕ್ಕೆ ಹಿಡಿಯುವುದೇ ಇಲ್ಲ. 33ನ್ನು ಅಡ್ಡಕ್ಕೆ ಇಟ್ಟು 79 ಸೆಂ.ಮೀ. ಕತ್ತರಿಸಬೇಕು. ಪೆಟ್ಟಿಗೆ ಒಂದೇ, ಓವರ್‌ಲ್ಯಾಪ್ ಅಷ್ಟೇ. ಆದರೆ ರೋಲಿನಿಂದ ಹೋಗುವ ಕಾಗದ 41 ಸೆಂ.ಮೀ.ನಿಂದ 79 ಸೆಂ.ಮೀ.ವರೆಗೆ, ಹೆಚ್ಚುಕಡಿಮೆ ಇಮ್ಮಡಿ. ಒಂದೇ ಪೆಟ್ಟಿಗೆ ಇದ್ದರೆ ಉತ್ತರ ಸ್ಪಷ್ಟ: ಸುತ್ತುವ ಬದಿ ರೋಲಿನ ಅಡ್ಡಕ್ಕೆ, ಪೆಟ್ಟಿಗೆಯ ಉದ್ದ ರೋಲಿನ ಉದ್ದಕ್ಕೆ.

ಅದೇ ಅಳತೆಯ ಎರಡು ಪೆಟ್ಟಿಗೆಗಳಿದ್ದರೆ ಉತ್ತರ ತಲೆಕೆಳಗಾಗುತ್ತದೆ. ಅತಿ ದುಬಾರಿಯಾಗಿ ಕಂಡ 79 × 33 ಹಾಳೆಗಳು ರೋಲಿನ ಅಡ್ಡಕ್ಕೆ ಎರಡು ಹಿಡಿಯುತ್ತವೆ, ಏಕೆಂದರೆ 33ರ ಎರಡರಷ್ಟು 66. ಒಂದೇ ಸಲ 79 ಸೆಂ.ಮೀ. ಕತ್ತರಿಸಿ ನಡುವೆ ಸೀಳಿದರೆ ಎರಡು ಪೆಟ್ಟಿಗೆಗಳೂ ಮುಗಿದವು. ಮೊದಲ ಕ್ರಮದಲ್ಲಿ ಎರಡಕ್ಕೆ 82 ಸೆಂ.ಮೀ. ಬೇಕಿತ್ತು. 3 ಸೆಂ.ಮೀ. ಉಳಿತಾಯ ದೊಡ್ಡದಲ್ಲ ಎನಿಸಬಹುದು. ಆದರೆ 4 ಮೀಟರಿನ ರೋಲಿನಲ್ಲಿ 41ರಂತೆ ಕತ್ತರಿಸುತ್ತಾ ಹೋದರೆ ಒಂಬತ್ತು ಪೆಟ್ಟಿಗೆಗಳಾಗಿ 31 ಸೆಂ.ಮೀ. ತುಂಡು ಉಳಿಯುತ್ತದೆ, ಅದು ಹತ್ತನೆಯದಕ್ಕೆ ಸಾಲದು. 79ರಂತೆ ಐದು ಸಲ ಕತ್ತರಿಸಿದರೆ 395 ಸೆಂ.ಮೀ.ನಲ್ಲಿ ಹತ್ತೂ ಪೆಟ್ಟಿಗೆಗಳು ಮುಗಿಯುತ್ತವೆ. ಎಲ್ಲ ರೋಲುಗಳಲ್ಲೂ ಹೀಗೆಯೇ ಲಾಭವಾಗುತ್ತದೆ ಎಂದಲ್ಲ. 5 ಮೀಟರಿನ ರೋಲಿನಲ್ಲಿ ಎರಡು ಕ್ರಮಗಳಲ್ಲೂ ಹನ್ನೆರಡೇ ಬರುತ್ತವೆ. ಕೊನೆಯ ತುಂಡು ಎಷ್ಟು ಉಳಿಯುತ್ತದೆ ಎಂಬುದನ್ನು ಭಾಗಿಸಿ ನೋಡಿಯೇ ನಿರ್ಧರಿಸಬೇಕು.

ರೋಲಿನ ಅಗಲ ಬದಲಾದರೂ ಉತ್ತರ ಬದಲಾಗುತ್ತದೆ. 50 ಸೆಂ.ಮೀ. ಅಗಲದ ರೋಲಿನಲ್ಲಿ 63 ಅಡ್ಡಕ್ಕೆ ಹಿಡಿಯುವುದಿಲ್ಲ. ಆಗ 41ನ್ನು ಅಡ್ಡಕ್ಕೆ ಇಟ್ಟು 63 ಸೆಂ.ಮೀ. ಕತ್ತರಿಸುವುದು ಒಂದು ದಾರಿ, 33ನ್ನು ಅಡ್ಡಕ್ಕೆ ಇಟ್ಟು 79 ಸೆಂ.ಮೀ. ಕತ್ತರಿಸುವುದು ಇನ್ನೊಂದು. ಕಾಗದದ ಲೆಕ್ಕದಲ್ಲಿ ಮೊದಲನೆಯದೇ ಮೇಲು. ಆದರೂ ಕೆಲವೊಮ್ಮೆ ಎರಡನೆಯದನ್ನೇ ಆರಿಸಬೇಕಾಗಿ ಬರುತ್ತದೆ. ಅದಕ್ಕೆ ಕಾರಣ ಕಾಗದದ ಮೇಲಿನ ಚಿತ್ರ.

ಚುಕ್ಕಿ, ಚೌಕಳಿಗಳಂತಹ ವಿನ್ಯಾಸಗಳಿಗೆ ಮೇಲು ಕೆಳಗು ಇರುವುದಿಲ್ಲ. ಆದರೆ ನಿಂತ ಮರ, ಹಕ್ಕಿ, ಅಕ್ಷರಗಳಿರುವ ಕಾಗದಕ್ಕೆ ತಲೆ ಒಂದು ಕಡೆ, ಕಾಲು ಒಂದು ಕಡೆ. ಚಿತ್ರಗಳು ರೋಲಿನ ಉದ್ದದ ಗುಂಟ ನಿಂತಿವೆ ಎಂದುಕೊಳ್ಳೋಣ; ಅಡ್ಡಕ್ಕೆ ನಿಂತಿರುವ ಕಾಗದವಾದರೆ ಮುಂದೆ ಹೇಳುವುದನ್ನೆಲ್ಲ ತಿರುಗಿಸಿಕೊಂಡರಾಯಿತು. 70ರ ರೋಲಿನಲ್ಲಿ 41 ಕತ್ತರಿಸಿದಾಗ ಪೆಟ್ಟಿಗೆಯ ಉದ್ದವೂ ರೋಲಿನ ಉದ್ದವೂ ಒಂದೇ ದಿಕ್ಕಿನವು, ಹಾಗಾಗಿ ಮೇಲಿನ ಮುಖದಲ್ಲಿ ಚಿತ್ರ 30 ಸೆಂ.ಮೀ. ಬದಿಯ ಗುಂಟ ನಿಲ್ಲುತ್ತದೆ. 79 ಕತ್ತರಿಸಿದಾಗಲೂ ಹಾಗೆಯೇ, ಏಕೆಂದರೆ ಅಲ್ಲಿ ಕಾಗದ 30ರ ದಿಕ್ಕಿನಲ್ಲೇ ಸುತ್ತಿ ಬರುತ್ತದೆ. 63 ಕತ್ತರಿಸಿದಾಗ ಮಾತ್ರ ಚಿತ್ರ 22ರ ಗುಂಟ ನಿಂತು, ಮೇಲಿನ ಮುಖ ಅಡ್ಡ ಚೌಕಟ್ಟಿನಂತೆ ಕಾಣುತ್ತದೆ. ಹಾಗಾಗಿ 50ರ ರೋಲಿನಲ್ಲಿ ಚಿತ್ರ ಉದ್ದಕ್ಕೇ ನಿಲ್ಲಬೇಕೆಂದರೆ 16 ಸೆಂ.ಮೀ. ಕಾಗದ ಹೆಚ್ಚು ಕೊಡಬೇಕು. ಕೊಡಬೇಕೋ ಬೇಡವೋ ಎಂಬುದು ಅವರವರ ಇಷ್ಟ, ಆದರೆ ಅದರ ಬೆಲೆ ಎಷ್ಟೆಂದು ಕತ್ತರಿಸುವ ಮೊದಲೇ ಗೊತ್ತಿರಬೇಕು.

ಪೆಟ್ಟಿಗೆಯನ್ನು ಮಲಗಿಸಿ ಇಡುವ ಬದಲು 30 ಸೆಂ.ಮೀ. ಬದಿ ನೆಟ್ಟಗಿರುವಂತೆ ನಿಲ್ಲಿಸಿ ಇಡುವುದಾದರೆ ಇನ್ನೊಂದು ಸೂಕ್ಷ್ಮವಿದೆ. 41 ಕತ್ತರಿಸಿದ ಹಾಳೆಯಲ್ಲಿ ಚಿತ್ರಗಳು ಕೊಳವೆಯ ಗುಂಟ ನಿಂತಿರುವುದರಿಂದ ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ, ನಾಲ್ಕೂ ಕಡೆ ನೆಟ್ಟಗೆ ಕಾಣುತ್ತವೆ. 79ರ ಹಾಳೆ ಹಾಗಲ್ಲ; ಅದು ಮುಂಭಾಗವನ್ನು ಏರಿ, ತಲೆಯನ್ನು ದಾಟಿ, ಹಿಂಭಾಗದಲ್ಲಿ ಇಳಿಯುತ್ತದೆ, ಆದ್ದರಿಂದ ಹಿಂದಿನ ಮುಖದಲ್ಲಿ ಚಿತ್ರಗಳೆಲ್ಲ ತಲೆಕೆಳಗು, ಪಕ್ಕದ ಮುಖಗಳ ಮಡಿಕೆಗಳಲ್ಲಿ ಅವು ಚೂರುಚೂರು. ಎರಡು ಪೆಟ್ಟಿಗೆಗೆ 3 ಸೆಂ.ಮೀ. ಉಳಿಸಿದ ಕ್ರಮ ನಿಲ್ಲಿಸಿ ಇಡುವ ಪೆಟ್ಟಿಗೆಗೆ ಈ ಕಾರಣದಿಂದ ಒಗ್ಗುವುದಿಲ್ಲ.

ದಪ್ಪ ಕಾಗದವನ್ನು ಬಳಸುವವರು ನಾರಿನ ದಿಕ್ಕನ್ನೂ ಗಮನಿಸಬೇಕು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಮಟ್ಟಿಗೆ ಕಾಗದ ಹರಿದು ಬಂದ ದಿಕ್ಕಿಗೆ ಮಲಗಿರುತ್ತವೆ, ರೋಲಿನಲ್ಲಿ ಅದು ಉದ್ದದ ದಿಕ್ಕು. ನಾರಿಗೆ ಸಮಾಂತರವಾಗಿ ಮಡಚಿದರೆ ಗೆರೆ ಚೊಕ್ಕವಾಗಿ ಬರುತ್ತದೆ. ಅಡ್ಡಕ್ಕೆ ಮಡಚಿದರೆ ಕಾಗದ ಎದುರು ಒತ್ತುತ್ತದೆ, ಹೊಳಪಿನ ಲೇಪವಿರುವ ದಪ್ಪ ಕಾಗದದಲ್ಲಿ ಮಡಿಕೆಯ ಮೇಲೆ ಬಣ್ಣ ಬಿರುಕುಬಿಟ್ಟು ಬಿಳಿ ಗೆರೆ ಕಾಣಬಹುದು. 41 ಕತ್ತರಿಸುವ ಕ್ರಮದಲ್ಲಿ 30 ಸೆಂ.ಮೀ. ಉದ್ದದ ನಾಲ್ಕು ಅಂಚುಗಳ ಮಡಿಕೆಗಳು ನಾರಿನ ಗುಂಟವೇ ಬೀಳುತ್ತವೆ. ತೆಳು ಕಾಗದದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಜೋಡಣೆಯಲ್ಲಿ ಚಿತ್ರ ಕೂಡುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಓವರ್‌ಲ್ಯಾಪ್ ಹೆಚ್ಚು ಬಿಟ್ಟರೆ ವಿನ್ಯಾಸವನ್ನು ಹೊಂದಿಸಿಕೊಳ್ಳಬಹುದು ಎಂದು ಭಾವಿಸುತ್ತಾರೆ. ಅದು ಆಗುವುದಿಲ್ಲ. ಸುತ್ತಳತೆ 60 ಸೆಂ.ಮೀ. ಇದ್ದಾಗ ಕಾಗದದ ಯಾವುದೇ ಬಿಂದುವಿನ ಮೇಲೆ ಬಂದು ಕೂರುವುದು ಅದರಿಂದ 60 ಸೆಂ.ಮೀ. ದೂರದ ಬಿಂದು, ಓವರ್‌ಲ್ಯಾಪ್ 3 ಇರಲಿ, 10 ಇರಲಿ, ಆ ದೂರ ಬದಲಾಗದು. ವಿನ್ಯಾಸ ಪ್ರತಿ 6 ಸೆಂ.ಮೀ.ಗೆ ಮರುಕಳಿಸುವುದಾದರೆ 60ರಲ್ಲಿ ಅದು ಸರಿಯಾಗಿ ಹತ್ತು ಸಲ ಹಿಡಿದು ತಾನಾಗಿಯೇ ಕೂಡುತ್ತದೆ. 8 ಸೆಂ.ಮೀ.ಗೆ ಮರುಕಳಿಸುವುದಾದರೆ ಏಳು ಸಲ ಬಂದು 4 ಸೆಂ.ಮೀ. ಉಳಿಯುತ್ತದೆ, ಎಷ್ಟು ಎಳೆದಾಡಿದರೂ ಕೂಡುವುದಿಲ್ಲ. ಅದಕ್ಕಿರುವ ಒಂದು ಉಪಾಯ ನೆರಿಗೆ. 2 ಸೆಂ.ಮೀ. ಆಳದ ಒಂದು ನೆರಿಗೆ 4 ಸೆಂ.ಮೀ. ಕಾಗದವನ್ನು ನುಂಗುತ್ತದೆ, ಸುತ್ತುವ ಕಾಗದ 64 ಆಗುತ್ತದೆ, ಅದು 8ರ ಎಂಟರಷ್ಟು. ಓವರ್‌ಲ್ಯಾಪ್ ಸೇರಿ 67 ಸೆಂ.ಮೀ. ಬೇಕು, 70ರ ರೋಲಿನಲ್ಲಿ ಅದಕ್ಕೆ ಜಾಗವಿದೆ. ನೆರಿಗೆಯ ಗೆರೆಯಲ್ಲಿ ಮಾತ್ರ ಚಿತ್ರ ತುಂಡಾಗುವುದರಿಂದ ಅದನ್ನು ಅಲಂಕಾರವೆನ್ನುವಂತೆ ಮೇಲಿನ ಮುಖದಲ್ಲೇ ಹಾಕುವುದು ವಾಸಿ. ಜೋಡಣೆ ಪೆಟ್ಟಿಗೆಯ ಅಡಿಯಲ್ಲಿ ಅಡಗುವುದಾದರೆ ಈ ಶ್ರಮವೇ ಬೇಡ.

ಅಳತೆಯ ಬಗ್ಗೆ ಒಂದು ಮಾತು. ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮುಚ್ಚಳ ಕೆಳಭಾಗಕ್ಕಿಂತ ದೊಡ್ಡದಿರುತ್ತದೆ, ತುಂಬಿದ ಪೆಟ್ಟಿಗೆಯ ಪಕ್ಕಗಳು ಉಬ್ಬಿರುತ್ತವೆ. ಆದ್ದರಿಂದ ಅಳತೆಪಟ್ಟಿ ಹಿಡಿದು ಅಗಲ, ಎತ್ತರಗಳನ್ನು ಕೂಡಿಸುವ ಬದಲು ದರ್ಜಿಯ ಟೇಪನ್ನೋ ದಾರವನ್ನೋ ಪೆಟ್ಟಿಗೆಯ ಅತ್ಯಂತ ದಪ್ಪ ಭಾಗದ ಸುತ್ತ ಹಾಯಿಸಿ ಸುತ್ತಳತೆಯನ್ನು ನೇರವಾಗಿ ಪಡೆಯಬೇಕು. ನಮ್ಮ 60 ಹಾಗೆ ಅಳೆದಾಗ 61.5 ಬಂದರೆ ಲೆಕ್ಕ ಅಲ್ಲಿಂದಲೇ ಆರಂಭವಾಗಬೇಕು. ಇಲ್ಲವಾದರೆ 3 ಸೆಂ.ಮೀ. ಓವರ್‌ಲ್ಯಾಪ್‌ನ ಅರ್ಧ ಯಾರಿಗೂ ತಿಳಿಯದೆ ಹೋಗಿರುತ್ತದೆ, ಅಂಚನ್ನು ಒಳಕ್ಕೆ ಮಡಚಿದ ಮೇಲೆ ಟೇಪು ಹತ್ತಲು ಅರ್ಧ ಸೆಂಟಿಮೀಟರ್ ಮಾತ್ರ ಉಳಿಯುತ್ತದೆ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ: "ಪೆಟ್ಟಿಗೆಯನ್ನು ಚೌಕ ಹಾಳೆಯ ಮೇಲೆ ಓರೆಯಾಗಿಟ್ಟು, ನಾಲ್ಕು ಮೂಲೆಗಳನ್ನು ನಡುವಿಗೆ ತಂದು ಮಡಚಿದರೆ ಕಾಗದ ಕಡಿಮೆ ಸಾಕಂತಲ್ಲ, ಸರ್, ಅದು ನಿಜವೇ?" ಕಾಗದದ ವಿಸ್ತೀರ್ಣವನ್ನಷ್ಟೇ ನೋಡಿದರೆ ನಿಜವಲ್ಲ. ಓರೆ ಕ್ರಮದಲ್ಲಿ, ಓವರ್‌ಲ್ಯಾಪ್ ಇಲ್ಲದೆ, ಚೌಕದ ಬದಿ ಉದ್ದ, ಅಗಲ ಮತ್ತು ಎತ್ತರದ ಎರಡರಷ್ಟನ್ನು ಕೂಡಿಸಿ 1.414ರಿಂದ ಭಾಗಿಸಿದಷ್ಟು. ನಮ್ಮ ಪೆಟ್ಟಿಗೆಗೆ 68 ÷ 1.414, ಅಂದರೆ ಸುಮಾರು 48.1 ಸೆಂ.ಮೀ.; ವಿಸ್ತೀರ್ಣ 2312. ನೇರ ಕ್ರಮದಲ್ಲಿ ಅದು 2280 ಇತ್ತು. ಉದ್ದವೂ ಅಗಲವೂ ಸಮನಾಗಿದ್ದರೆ ಎರಡು ಕ್ರಮಗಳು ಸರಿಸಮವಾಗುತ್ತವೆ, ಓರೆ ಕ್ರಮ ನೇರ ಕ್ರಮಕ್ಕಿಂತ ಕಡಿಮೆಗೆ ಎಂದೂ ಇಳಿಯುವುದಿಲ್ಲ.

ಆದರೂ ಪ್ರಶ್ನೆ ಕೇಳಿದವರ ಅನುಭವ ಸುಳ್ಳಾಗಿರಬೇಕಿಲ್ಲ. 50 ಸೆಂ.ಮೀ. ರೋಲನ್ನು ನೆನಪಿಸಿಕೊಳ್ಳಿ: ಅಲ್ಲಿ ನೇರ ಕ್ರಮಕ್ಕೆ 63 ಸೆಂ.ಮೀ. ಕತ್ತರಿಸಬೇಕಿತ್ತು, ಪಕ್ಕದಲ್ಲಿ 9 ಸೆಂ.ಮೀ. ಪಟ್ಟಿ ಉಳಿಯುತ್ತಿತ್ತು. ಅದೇ ರೋಲಿನಿಂದ 50 ಸೆಂ.ಮೀ. ಕತ್ತರಿಸಿದರೆ 50 × 50 ಚೌಕ ಸಿಗುತ್ತದೆ. ಬೇಕಾದ 48.1ಕ್ಕಿಂತ ಅದು 1.9 ಸೆಂ.ಮೀ. ದೊಡ್ಡದು, ಜೋಡಣೆಗಳಲ್ಲಿ ಅಷ್ಟೇ ಓವರ್‌ಲ್ಯಾಪ್ ದೊರೆಯುತ್ತದೆ. ಹೀಗೆ 13 ಸೆಂ.ಮೀ. ಕಾಗದ ಉಳಿಯುತ್ತದೆ. ಉಳಿತಾಯಕ್ಕೆ ಕಾರಣ ಓರೆ ಮಡಿಕೆಯಲ್ಲ, ರೋಲಿನ ಅಗಲ ಪೂರ್ತಿ ಬಳಕೆಯಾಗಿ ಪಕ್ಕದ ಪಟ್ಟಿ ಇಲ್ಲವಾಗುವುದು. 70ರ ರೋಲಿನಲ್ಲಿ ಇದೇ ಕ್ರಮ ನಷ್ಟದ್ದು, ಏಕೆಂದರೆ ಅಲ್ಲಿ 41 ಸೆಂ.ಮೀ. ಸಾಕಾಗಿತ್ತು. ಇಷ್ಟು ಬಿಗಿಯಾದ ಚೌಕದಲ್ಲಿ ಪೆಟ್ಟಿಗೆ ನಡುವಿನಲ್ಲೇ ಕೂರಬೇಕು. ಅದನ್ನು ಹೀಗೆ ಪರೀಕ್ಷಿಸಬಹುದು: ಪೆಟ್ಟಿಗೆಯನ್ನು ಇಟ್ಟು, ಅಂಟಿಸುವ ಮೊದಲು ಪ್ರತಿ ಪಕ್ಕದ ಕಾಗದವನ್ನು ಗೋಡೆಯಂತೆ ಎತ್ತಿ ಹಿಡಿದಾಗ ಪೆಟ್ಟಿಗೆಯ ನಾಲ್ಕು ಮೇಲ್ಮೂಲೆಗಳನ್ನೂ ಕಾಗದದ ಅಂಚು 1 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ದಾಟಿರಬೇಕು. ಒಂದು ಮೂಲೆಯಲ್ಲಿ ರಟ್ಟು ಇಣುಕಿದರೂ ಆ ಮೂಲೆಗೆ ಎದುರಾದ ಮೂಲೆಯ ಕಡೆಗೆ ಪೆಟ್ಟಿಗೆಯನ್ನು ತುಸು ಸರಿಸಿ ಮತ್ತೆ ನಾಲ್ಕನ್ನೂ ನೋಡಬೇಕು. ಚಿತ್ರಗಳು 45 ಡಿಗ್ರಿ ಓರೆಯಾಗಿ ಕಾಣುವುದರಿಂದ ಮೇಲುಕೆಳಗಿರುವ ವಿನ್ಯಾಸಕ್ಕೆ ಇದನ್ನು ಬಳಸಲಾಗದು. ಚುಕ್ಕಿಯ ಕಾಗದಕ್ಕೋ ಒಂದೇ ಬಣ್ಣದ ಕಾಗದಕ್ಕೋ ಯಾವ ಅಡ್ಡಿಯೂ ಇಲ್ಲ.